ಧ ಓದಿಸಿಕೊಂಡರೆ ಆಟಕ್ಕೆ ಜನ ಬರುತ್ತಾರೆ

(ಶಿರಸಿಯಲ್ಲಿ ಡಿಟಿಪಿ ಕೆಲಸದವರು, ಫ್ಲೆಕ್ಸ್ ಅಂಗಡಿಯವರು ಮತ್ತು ಯಕ್ಷಗಾನ ಸಮಿತಿಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪೋಸ್ಟರಿನ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಜಾಸ್ತಿ ಹೊತ್ತು ಒಂದೇ ಒಂದು ಪದದ ಬಗ್ಗೆ.

ಕುಮಟಾ ಕಡೆಯ ಒಬ್ಬ ಹುಡುಗ ಫೋಟೋ ಕಳಿಸಿದ್ದ. ಅವನ ಊರಿನ ಶಾಲಾ ಮೈದಾನದಲ್ಲಿ ಯಕ್ಷಗಾನದ ಆಟ ಇತ್ತು. ಪೋಸ್ಟರ್ ಮಾಡಿದ್ದು ಅವನೇ. ಪ್ರಿಂಟಾದ ಮೊದಲ ಫ್ಲೆಕ್ಸನ್ನು ರಸ್ತೆ ಬದಿ ಕಟ್ಟಿ, ಮೊಬೈಲಿನಲ್ಲಿ ಫೋಟೋ ತೆಗೆದು, "ಅಣ್ಣ, ಇನ್ನೂ ನಾಲ್ಕು ಪ್ರಿಂಟ್ ಹಾಕಿಸೋದಿದೆ, ಅದಕ್ಕೆ ಮುಂಚೆ ಒಮ್ಮೆ ನೋಡಿ ಹೇಳಿ" ಅಂದಿದ್ದ. ಅವನ ಒಪ್ಪಿಗೆ ತಗೊಂಡೇ ಆ ಫೋಟೋವನ್ನು ಪರದೆ ಮೇಲೆ ಹಾಕಿದ್ದೇನೆ. ಊರಿನ ಹೆಸರು, ದಾನಿಗಳ ಮುಖ ಮರೆ ಮಾಡಿದ್ದೇನೆ.

ಫ್ಲೆಕ್ಸ್ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಮೇಲೆ ದೇವರ ಹೆಸರು. ಅದರ ಕೆಳಗೆ ಎರಡು ಸಾಲು ದಾನಿಗಳ ಮುಖ, ದುಂಡನೆಯ ಚೌಕಟ್ಟಿನಲ್ಲಿ. ನಡುವೆ ಕಮಾನಿನ ಹಾಗೆ ಬಗ್ಗಿಸಿದ ಪ್ರಸಂಗದ ಹೆಸರು: ಸುಧನ್ವಾರ್ಜುನ. ಅದರ ಕೆಳಗೆ ಹಿಮ್ಮೇಳ, ಮುಮ್ಮೇಳದ ಹೆಸರುಗಳು ಒತ್ತೊತ್ತಾಗಿ. ಕೆಳಗೆ ಎಡಮೂಲೆಯಲ್ಲಿ ದಿನಾಂಕ, ಸಮಯ, ಸ್ಥಳ. ನೀವೆಲ್ಲ ಇಂಥದ್ದನ್ನು ನೂರಾರು ನೋಡಿದ್ದೀರಿ. ನಾನೂ ಎಷ್ಟೋ ಮಾಡಿಕೊಟ್ಟಿದ್ದೇನೆ.

ಫೋಟೋ ನೋಡಿದ ಕೂಡಲೇ ಅಭಿಪ್ರಾಯ ಹೇಳಬಾರದು. ಮೊದಲು ಫೋಟೋವನ್ನು ಸರಿ ಮಾಡಿಕೊಳ್ಳಬೇಕು. ಹುಡುಗ ಕೆಳಗೆ ನಿಂತು ಮೇಲಕ್ಕೆ ಮೊಬೈಲ್ ಹಿಡಿದಿದ್ದ. ಹಾಗಾಗಿ ಫ್ಲೆಕ್ಸಿನ ಮೇಲ್ಭಾಗ ಸಪೂರ, ಕೆಳಭಾಗ ಅಗಲ ಕಾಣುತ್ತಿತ್ತು. ಹೀಗಿದ್ದಾಗ ಮೇಲಿನ ಸಾಲುಗಳು ಇರುವುದಕ್ಕಿಂತ ಒತ್ತಾಗಿ, ಚಿಕ್ಕದಾಗಿ ಕಾಣುತ್ತವೆ. ಅದು ಪೋಸ್ಟರಿನ ತಪ್ಪಲ್ಲ, ಕ್ಯಾಮೆರಾ ಹಿಡಿದ ಕೋನದ್ದು. ಎಡಿಟಿಂಗ್ ಆಪಿನಲ್ಲಿ ನಾಲ್ಕೂ ಮೂಲೆ ಎಳೆದು ಚೌಕ ಮಾಡಿಕೊಂಡೆ. ಬಣ್ಣದ ಬಗ್ಗೆಯೂ ಹಾಗೆಯೇ. ಬಿಸಿಲು ಬಿದ್ದ ಫ್ಲೆಕ್ಸ್ ಹೊಳೆಯುತ್ತದೆ, ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಕೆಂಪು ಸ್ವಲ್ಪ ಕಂದು ಆಯ್ತಾ ಇಲ್ವಾ ಅಂತ ಫೋಟೋ ನೋಡಿ ತೀರ್ಪು ಕೊಡಲು ಆಗುವುದಿಲ್ಲ. ತಿಳಿ ಯಾವುದು, ಗಾಢ ಯಾವುದು ಅನ್ನುವುದನ್ನು ಮಾತ್ರ ನಂಬಬಹುದು.

ಚೌಕ ಮಾಡಿದ ಮೇಲೆ ಒಂದು ಅನುಕೂಲ ಇದೆ. ಅಳತೆ ಸಿಗುತ್ತದೆ. ನನ್ನ ಪರದೆಯಲ್ಲಿ ಫ್ಲೆಕ್ಸಿನ ಎತ್ತರ 960 ಪಿಕ್ಸೆಲ್ ಬಂತು. ಅಸಲಿ ಎತ್ತರ ನಾಲ್ಕು ಅಡಿ, ಅಂದರೆ 48 ಇಂಚು. ಹಾಗಾದರೆ 20 ಪಿಕ್ಸೆಲ್‌ಗೆ ಒಂದು ಇಂಚು. ಈಗ ಅಕ್ಷರ ಅಳೆಯಬಹುದು. ಪ್ರಸಂಗದ ಹೆಸರು 90 ಪಿಕ್ಸೆಲ್, ನಾಲ್ಕೂವರೆ ಇಂಚು. ದಾನಿಗಳ ಒಂದೊಂದು ಮುಖ 120 ಪಿಕ್ಸೆಲ್, ಆರು ಇಂಚು. ದಿನಾಂಕ 14 ಪಿಕ್ಸೆಲ್. ಒಂದು ಇಂಚೂ ಇಲ್ಲ, 0.7 ಇಂಚು.

ಬೋರ್ಡ್ ಬರೆಯುವವರಲ್ಲಿ ಒಂದು ಹಳೇ ಲೆಕ್ಕ ಇದೆ. ಹತ್ತು ಅಡಿ ದೂರದಿಂದ ಆರಾಮಾಗಿ ಓದಲು ಅಕ್ಷರ ಒಂದು ಇಂಚು ಎತ್ತರ ಇರಬೇಕು. ಇದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹೇಳಿದ್ದು. ನಮ್ಮ ಅಕ್ಷರದ ಒಳಗೆ ಸುರುಳಿ, ಸೀಳು, ಕೊಂಬು ಎಲ್ಲ ಇರುವುದರಿಂದ ನಾನು ಕನ್ನಡಕ್ಕೆ ಒಂದೂವರೆ ಇಂಚು ಹಿಡಿಯುತ್ತೇನೆ. ಇಂಗ್ಲಿಷ್ ಲೆಕ್ಕದಲ್ಲೇ ನೋಡಿದರೂ 0.7 ಇಂಚಿನ ದಿನಾಂಕ ಏಳು ಅಡಿಯವರೆಗೆ ಮಾತ್ರ ಆರಾಮ. ರಸ್ತೆಯ ಆಚೆ ಬದಿ ಇಪ್ಪತ್ತು ಅಡಿ ದೂರ. ಆಚೆ ಬದಿ ಬಸ್ಸಿಗೆ ಕಾಯುವವರಿಗೆ ದಾನಿಗಳ ಮುಖದ ಗುರುತು ಸಿಗುತ್ತದೆ, ಆಟ ಯಾವತ್ತು ಅಂತ ಗೊತ್ತಾಗುವುದಿಲ್ಲ.

ಇದನ್ನು ಹೇಳಿದಾಗ ಹುಡುಗನಿಗೆ ಆಶ್ಚರ್ಯ. "ದಿನಾಂಕಕ್ಕೆ 100 ಪಾಯಿಂಟ್ ಇಟ್ಟಿದ್ದೆ ಅಣ್ಣ" ಅಂದ. ಫೈಲ್ ಅಸಲಿ ಅಳತೆಯಲ್ಲೇ ಇತ್ತು, ಹಾಗಾಗಿ ಅವನ ಮಾತು ಸರಿ. 72 ಪಾಯಿಂಟ್‌ಗೆ ಒಂದು ಇಂಚು, 100 ಪಾಯಿಂಟ್ ಅಂದರೆ ಸುಮಾರು 1.4 ಇಂಚು. ಆದರೆ ಆ 1.4 ಇಂಚು ಅಕ್ಷರದ ಎತ್ತರ ಅಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಎಲ್ಲ ಹಿಡಿಯಲಿ ಅಂತ ಫಾಂಟ್ ಮಾಡಿದವರು ಇಟ್ಟ ಪೆಟ್ಟಿಗೆಯ ಎತ್ತರ. ಅದರೊಳಗೆ ಬರೀ 'ರ' ಅಥವಾ 'ನ' ಎಷ್ಟು ಜಾಗ ಹಿಡಿಯುತ್ತದೆ ನೋಡಿ. ಅವನ ಫಾಂಟಿನಲ್ಲಿ ಅರ್ಧ. ಫಾಂಟಿನಿಂದ ಫಾಂಟಿಗೆ ಇದು ಬದಲಾಗುತ್ತದೆ. ಅದಕ್ಕೇ ಪಾಯಿಂಟ್ ಸಂಖ್ಯೆ ನೋಡಿ ಸಮಾಧಾನ ಪಡಬೇಡಿ. ಒಂದು 'ನ' ಟೈಪ್ ಮಾಡಿ, ಸ್ಕೇಲ್ ಇಟ್ಟು ಅಳೆಯಿರಿ.

ಈಗ ಪ್ರಸಂಗದ ಹೆಸರಿಗೆ ಬರೋಣ. ಸುಧನ್ವಾರ್ಜುನ. ಐದು ಅಕ್ಷರ. ಸು, ಧ, ನ್ವಾ, ರ್ಜು, ನ. ಕನ್ನಡದಲ್ಲಿ ಅಕ್ಷರ ಜೋಡಿಸುವಾಗ ಏನೆಲ್ಲ ತೊಂದರೆ ಬರಬಹುದೋ ಹೆಚ್ಚುಕಡಿಮೆ ಅಷ್ಟೂ ಈ ಒಂದು ಪದದಲ್ಲಿ ಇದೆ.

ಮೊದಲು 'ಧ'. ಇದನ್ನು ದೊಡ್ಡದು ಮಾಡಿ ತೋರಿಸುತ್ತೇನೆ. ಶಾಲೆಯಲ್ಲಿ ನಮಗೆ ಹೊಟ್ಟೆ ಸೀಳಿದ ಧ ಅಂತ ಹೇಳಿಕೊಟ್ಟಿದ್ದು ನೆನಪಿದೆಯಲ್ವಾ? 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಆ ಸೀಳು ಮಾತ್ರ. ಬ ಮತ್ತು ಭ, ಡ ಮತ್ತು ಢ ಇವುಗಳದ್ದೂ ಅದೇ ಕಥೆ. ನಾಲ್ಕೂವರೆ ಇಂಚಿನ ಅಕ್ಷರದಲ್ಲಿ ಕೂಡ ಆ ಸೀಳಿನ ಅಗಲ ಇಲ್ಲಿ ನಾಲ್ಕು ಮಿಲಿಮೀಟರ್ ಆಸುಪಾಸು. ಹುಡುಗ ಏನು ಮಾಡಿದ್ದ ಅಂದರೆ, ಹಳದಿ ಅಕ್ಷರಕ್ಕೆ ಬಿಳಿ ಅಂಚು ಕೊಟ್ಟು, ಅದರ ಸುತ್ತ ಇನ್ನೊಂದು ಕೆಂಪು ಅಂಚು ಕೊಟ್ಟಿದ್ದ. ಅಂಚು ಹೊರಗಡೆಗೆ ಮಾತ್ರ ಬೆಳೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕಂಪ್ಯೂಟರಿಗೆ ಸೀಳೂ ಅಕ್ಷರದ ಹೊರಗೇ. ಸೀಳಿನ ಎಡದಿಂದ ಎರಡು ಮಿಲಿಮೀಟರ್, ಬಲದಿಂದ ಎರಡು ಮಿಲಿಮೀಟರ್ ಅಂಚು ಬಂದರೆ ಸೀಳು ಪೂರ್ತಿ ತುಂಬಿತು.

ತುಂಬಿದ್ದೇ ತೊಂದರೆ ಅಲ್ಲ. ಯಾವ ಬಣ್ಣ ತುಂಬಿತು ಅನ್ನುವುದು ಮುಖ್ಯ. ಇಲ್ಲಿ ಹಳದಿ ಅಕ್ಷರದ ಸೀಳಿಗೆ ಬಿಳಿ ತುಂಬಿದೆ. ಹಳದಿ, ಬಿಳಿ ಎರಡೂ ತಿಳಿ. ಹತ್ತಿರದಿಂದ ನೋಡಿದರೆ ಬೇರೆ ಬೇರೆ, ದೂರದಿಂದ ಒಂದೇ. ಪರೀಕ್ಷೆ ಸುಲಭ. ಫೋಟೋವನ್ನು ಕಪ್ಪು ಬಿಳುಪು ಮಾಡಿ. ನೋಡಿ, ಈಗ ಪರದೆ ಮೇಲೆ ಇರುವುದು ಸುದನ್ವ. ಬಿಳಿಯ ಜಾಗದಲ್ಲಿ ಗಾಢ ಕೆಂಪೋ ಕಂದೋ ಇದ್ದಿದ್ದರೆ ಸೀಳು ತುಂಬಿದರೂ ಗೆರೆಯಾಗಿ ಕಾಣುತ್ತಿತ್ತು. ಇಷ್ಟಕ್ಕೂ ಹಿನ್ನೆಲೆ ಗಾಢ ಹಸಿರು. ಅದರ ಮೇಲೆ ಹಳದಿ ಅಕ್ಷರಕ್ಕೆ ಅಂಚೇ ಬೇಡ. ಹಿನ್ನೆಲೆಯಲ್ಲಿ ವೇಷದ ಫೋಟೋ ಇದ್ದು, ಅಕ್ಷರ ಅದರಲ್ಲಿ ಮುಳುಗುತ್ತದೆ ಅನ್ನಿಸಿದಾಗ ನಾವು ಅಂಚು ಹಾಕುತ್ತೇವೆ. ಅಂಥ ಕಡೆ ಫೋಟೋವನ್ನೇ ಪಕ್ಕಕ್ಕೆ ಸರಿಸಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು 'ರ್ಜು'. ಇಲ್ಲಿ ಅರ್ಕಾವೊತ್ತು ಇದೆ. ಉಚ್ಚಾರದಲ್ಲಿ ರ್ ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು 'ಜು' ಆದ ಮೇಲೆ ಕೂರುತ್ತದೆ. ಹಾಗಾಗಿ ಅದು ಜುವಿಗೆ ಅಂಟಿಕೊಂಡೇ ಇರಬೇಕು. ಈ ಪೋಸ್ಟರಿನಲ್ಲಿ ಪದ ಕಮಾನಿನ ಪೂರ್ತಿ ಅಗಲ ತುಂಬಲಿ ಅಂತ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದ್ದಾರೆ. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ, ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ತುಂಡು. ನಮ್ಮಲ್ಲಿ ಹಾಗಲ್ಲ. ನುಡಿ, ಬರಹದಂಥ ಹಳೆಯ ಫಾಂಟುಗಳಲ್ಲಿ ಒಂದು ಅಕ್ಷರ ಎರಡು ಮೂರು ತುಂಡುಗಳಿಂದ ಆಗಿರುತ್ತದೆ. ಕೊಂಬು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಅಂತರ ಹೆಚ್ಚಿಸಿದರೆ ಕಂಪ್ಯೂಟರ್ ಈ ತುಂಡುಗಳ ನಡುವೆಯೂ ಜಾಗ ಬಿಡುತ್ತದೆ. ಯೂನಿಕೋಡ್ ಫಾಂಟಿನಲ್ಲೂ ಇದು ಪೂರ್ತಿ ತಪ್ಪುವುದಿಲ್ಲ. ಇಲ್ಲಿ ನೋಡಿ, ಅರ್ಕಾವೊತ್ತು ಜುವನ್ನು ಬಿಟ್ಟು ಕೊನೆಯ 'ನ'ದ ಹತ್ತಿರ ಹೋಗಿ ನಿಂತಿದೆ. ಯಕ್ಷಗಾನ ಗೊತ್ತಿದ್ದವರು ಅಭ್ಯಾಸಬಲದಿಂದ ಅರ್ಜುನ ಅಂತಲೇ ಓದಿಬಿಡುತ್ತಾರೆ. ಹೊಸದಾಗಿ ಓದಲು ಕಲಿತ ಮಗುವಿನ ಹತ್ತಿರ ಓದಿಸಿ ನೋಡಿ, ಅಲ್ಲಿ ತಡವರಿಸುತ್ತದೆ.

ಕನ್ನಡ ಪದ ಅಗಲ ಆಗಬೇಕು ಅಂದರೆ ಎರಡೇ ದಾರಿ. ಅಕ್ಷರ ದೊಡ್ಡದು ಮಾಡಿ, ಇಲ್ಲ ಅಗಲದ ರೂಪ ಇರುವ ಫಾಂಟ್ ತಗೊಳ್ಳಿ. ಮೌಸಿನಲ್ಲಿ ಹಿಡಿದು ಅಡ್ಡಕ್ಕೆ ಎಳೆಯಬೇಡಿ. ಎಳೆದರೆ ಲಂಬ ಗೆರೆ ದಪ್ಪ ಆಗುತ್ತದೆ, ಅಡ್ಡ ಗೆರೆ ಹಾಗೇ ಉಳಿಯುತ್ತದೆ, ತಲೆಕಟ್ಟು ಸೊರಗಿದ ಹಾಗೆ ಕಾಣುತ್ತದೆ. ಫಾಂಟ್ ಪಟ್ಟಿಯಲ್ಲಿ Anek Kannada ಅಂತ ಒಂದಿದೆ. ಉಚಿತ. ಅದರಲ್ಲಿ ಸಪೂರದಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಬೇರೆ ಬೇರೆ ರೂಪ ಇವೆ. ಫಾಂಟ್ ಮಾಡಿದವರೇ ಪ್ರತಿ ರೂಪಕ್ಕೂ ಗೆರೆಯ ದಪ್ಪ ಸರಿ ಮಾಡಿಟ್ಟಿದ್ದಾರೆ.

ಮೂರನೆಯದು 'ನ್ವಾ'. ಹುಡುಗನ ಪೋಸ್ಟರಿನಲ್ಲಿ ಇದು ಸರಿಯಾಗೇ ಬಂದಿತ್ತು. ಆದರೆ ನಾನು ನೋಡುವ ಫೋಟೋಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ, ಅದಕ್ಕೆ ಹೇಳುತ್ತೇನೆ. ಕೆಲವೊಮ್ಮೆ ಫೋಟೋಶಾಪಿನಲ್ಲಿ ಯೂನಿಕೋಡ್ ಪದ ಅಂಟಿಸಿದರೆ ಸುಧನ್‌ವಾರ್‌ಜುನ ಅಂತ ಬರುತ್ತದೆ. ಒತ್ತು ಕೆಳಗೆ ಇಳಿಯುವುದಿಲ್ಲ, ಅರ್ಕಾವೊತ್ತು ಆಗುವುದಿಲ್ಲ. ಫಾಂಟ್ ಹಾಳಾಗಿದೆ ಅಂತ ಬೇರೆ ಬೇರೆ ಫಾಂಟ್ ಹಾಕುತ್ತಾ ಗಂಟೆಗಟ್ಟಲೆ ಕಳೆದವರನ್ನು ಕಂಡಿದ್ದೇನೆ. ತಪ್ಪು ಸೆಟ್ಟಿಂಗಿನದು. ಪ್ರಿಫರೆನ್ಸಿನಲ್ಲಿ Type ವಿಭಾಗಕ್ಕೆ ಹೋಗಿ, ಅಲ್ಲಿ World-Ready Layout ಅಂತ ಇದ್ದರೆ ಅದನ್ನು ಆರಿಸಿ. ಸ್ವಲ್ಪ ಹಳೆಯ ಆವೃತ್ತಿಯಲ್ಲಿ ಅದೇ ಜಾಗದಲ್ಲಿ Middle Eastern and South Asian ಅಂತ ಇರುತ್ತದೆ. ಫೋಟೋಶಾಪ್ ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ಟೈಪ್ ಮಾಡಿ ನೋಡಿ. ಇನ್ನೂ ಹಳೆಯ ಆವೃತ್ತಿ ಇದ್ದವರು ನುಡಿ ಫಾಂಟನ್ನೇ ಬಳಸುತ್ತಿದ್ದಾರೆ, ಅದಕ್ಕೆ ಕಾರಣವೂ ಇದೇ.

ಹಿಮ್ಮೇಳ, ಮುಮ್ಮೇಳದ ಹೆಸರುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಭಾಗವತರು, ಮದ್ದಳೆ, ಚಂಡೆ, ಆಮೇಲೆ ವೇಷಧಾರಿಗಳು, ಎಲ್ಲರನ್ನೂ ಅಲ್ಪವಿರಾಮ ಹಾಕಿ ಒಂದೇ ಪ್ಯಾರಾ ಮಾಡಿದ್ದ. ಎರಡೂ ಬದಿ ಸಮ ಆಗಲಿ ಅಂತ ಜಸ್ಟಿಫೈ ಕೊಟ್ಟಿದ್ದ. ನಮ್ಮಲ್ಲಿ ಕಲಾವಿದರ ಹೆಸರಿನ ಜೊತೆ ಊರು ಬರುತ್ತದೆ. ಈ ಪ್ಯಾರಾದಲ್ಲಿ ಹೆಸರು ಒಂದು ಸಾಲಿನ ಕೊನೆಗೆ, ಊರು ಮುಂದಿನ ಸಾಲಿನ ಮೊದಲಿಗೆ. ನಡುವೆ ಎರಡು ಪದ ಹಿಡಿಯುವಷ್ಟು ಖಾಲಿ. ಒಂದು ಸಾಲಿಗೆ ಒಬ್ಬರು, ಎಡಕ್ಕೆ ಸಮ ಮಾಡಿ, ಎರಡು ಕಾಲಮ್. ಅಷ್ಟು ಸಾಕು. ಇದರ ಜೊತೆಗೆ ಅವನು ಈ ಭಾಗಕ್ಕೆ ಒಂದು ಫಾಂಟ್, ಸ್ಥಳಕ್ಕೆ ಇನ್ನೊಂದು, "ಸರ್ವರಿಗೂ ಆದರದ ಸ್ವಾಗತ"ಕ್ಕೆ ಓರೆ ಮಾಡಿದ ಮತ್ತೊಂದು ಹಾಕಿದ್ದ. ಕನ್ನಡ ಫಾಂಟುಗಳಲ್ಲಿ ಓರೆ ರೂಪ ಬೇರೆಯಾಗಿ ಇರುವುದು ತೀರಾ ಕಡಿಮೆ. ಆ ಬಟನ್ ಒತ್ತಿದರೆ ಸುಮ್ನೆ ಅಕ್ಷರ ವಾಲುತ್ತದೆ, ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗುತ್ತದೆ. ಪ್ರಸಂಗದ ಹೆಸರಿಗೆ ಬೇಕಾದರೆ Baloo Tamma 2 ಥರದ ಒಂದು ತುಂಬು ಫಾಂಟ್, ಉಳಿದದ್ದಕ್ಕೆಲ್ಲ ಒಂದೇ ಫಾಂಟಿನ ದಪ್ಪ ಮತ್ತು ಸಾದಾ ರೂಪ. ಈ ಅಳತೆಯ ಪೋಸ್ಟರಿಗೆ ಇದಕ್ಕಿಂತ ಜಾಸ್ತಿ ನನಗೆ ಯಾವತ್ತೂ ಬೇಕಾಗಿಲ್ಲ.

ಇನ್ನು ಫ್ಲೆಕ್ಸಿನ ಅಂಚಿನ ವಿಷಯ. ಅದು ಫೈಲ್ ನೋಡಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ, ಫೋಟೋದಿಂದ ಗೊತ್ತಾಯಿತು. ಬಲಗಡೆ ಫೋನ್ ನಂಬರಿನ ಕೊನೆಯ ಅಂಕಿ ಅರ್ಧ ಮಾತ್ರ ಇತ್ತು. ಫೈಲಿನಲ್ಲಿ ಪೂರ್ತಿ ಇತ್ತಂತೆ. ಫ್ಲೆಕ್ಸನ್ನು ರೀಪಿನ ಚೌಕಟ್ಟಿಗೆ ಬಿಗಿದು, ಅಂಚನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದರು. ಅಲ್ಲಿ ಒಂದು ಇಂಚಿಗಿಂತ ಜಾಸ್ತಿ ಹೋಗಿದೆ. ಅವನು ಬಿಟ್ಟಿದ್ದು ಅರ್ಧ ಇಂಚು. ನಾಲ್ಕೂ ಕಡೆ ಎರಡು ಇಂಚು ಬಿಡಿ ಅಂದೆ. ಹಿನ್ನೆಲೆ ಬಣ್ಣ ಅಂಚಿನವರೆಗೆ ಹೋಗಲಿ, ಅಕ್ಷರ ಹೋಗಬಾರದು.

ಈಗ ನಿಜವಾಗಿ ಕಷ್ಟದ ವಿಷಯ. ದಿನಾಂಕ ದೊಡ್ಡದಾಗಬೇಕು, ಅಂಚು ಬಿಡಬೇಕು, ಜಾಗ ಎಲ್ಲಿಂದ ತರುವುದು? ದಾನಿಗಳ ಎರಡು ಸಾಲು ಸೇರಿ 12 ಇಂಚು ಹಿಡಿದಿತ್ತು. ಫ್ಲೆಕ್ಸಿನ ಕಾಲು ಭಾಗ. ಮುಖ ತೆಗೆದುಬಿಡು ಅಂತ ಹೇಳುವುದು ನನಗೆ ಸುಲಭ. ಹುಡುಗ ಊರಿನಲ್ಲಿ ಇರಬೇಕಾದವನು. ಮೇಳ ಕರೆಸಲು ದುಡ್ಡು ಕೊಟ್ಟವರು ಅವರೇ. ಇಲ್ಲೇ ಮುಂದೆ ಕೂತಿರುವ ಸಮಿತಿಯ ಹಿರಿಯರೊಬ್ಬರು ಆಗಲೇ ಕೇಳಿದರು, "ತಮಾ, ಮುಖ ಸಣ್ಣದಾದರೆ ಮುಂದಿನ ವರ್ಷ ಅವರು ಕೊಡ್ತಾರಾ?" ಅಂತ. ನ್ಯಾಯವಾದ ಪ್ರಶ್ನೆ.

ನಾನು ಕಂಡ ಹಾಗೆ ಬೇಜಾರಾಗುವುದು ಮುಖ ಸಣ್ಣದಾದುದಕ್ಕಲ್ಲ, ಪಕ್ಕದವರದ್ದು ತನ್ನದಕ್ಕಿಂತ ದೊಡ್ಡದಿದ್ದರೆ. ಈ ಫೋಟೋದಲ್ಲಿ ಒಬ್ಬರದ್ದು ಪಾಸ್‌ಪೋರ್ಟ್ ಫೋಟೋ, ಚೌಕಟ್ಟು ತುಂಬ ಮುಖ. ಇನ್ನೊಬ್ಬರದ್ದು ಯಾವುದೋ ಮದುವೆಯಲ್ಲಿ ತೆಗೆದಿದ್ದು, ಎದೆವರೆಗೂ ಇದೆ, ಮುಖ ಅರ್ಧದಷ್ಟೇ. ಚೌಕಟ್ಟು ಒಂದೇ ಅಳತೆ ಆದರೂ ಮುಖ ಒಂದೇ ಅಳತೆ ಅಲ್ಲ. ಗಲ್ಲದಿಂದ ನೆತ್ತಿಯವರೆಗೆ ಎಲ್ಲರದ್ದೂ ಒಂದೇ ಎತ್ತರ ಬರುವ ಹಾಗೆ ಕತ್ತರಿಸಿ, ಕಣ್ಣು ಒಂದೇ ಗೆರೆಗೆ ತಂದರೆ ಮೂರು ಇಂಚಿನ ಚೌಕಟ್ಟಿನಲ್ಲೂ ಎಲ್ಲರೂ ಚೆನ್ನಾಗಿ ಕಾಣುತ್ತಾರೆ. ಹತ್ತು ಜನ ಒಂದೇ ಸಾಲಿನಲ್ಲಿ, ಪೋಸ್ಟರಿನ ಕೆಳಭಾಗದಲ್ಲಿ, ಮುಖದ ಕೆಳಗೆ ಹೆಸರು. ಒಟ್ಟು ಐದು ಇಂಚು ಸಾಕಾಯಿತು. ಏಳು ಇಂಚು ಉಳಿಯಿತು.

ಆ ಏಳು ಇಂಚನ್ನು ದಿನಾಂಕ, ಸಮಯ, ಸ್ಥಳಕ್ಕೆ ಕೊಟ್ಟೆವು. 'ದಿನಾಂಕ', 'ಸಮಯ', 'ಸ್ಥಳ' ಅನ್ನುವ ಪದಗಳನ್ನೇ ತೆಗೆದೆವು. ಶನಿವಾರ ಅಂತ ಓದಿದವನಿಗೆ ಅದು ದಿನ ಅಂತ ಬೇರೆ ಹೇಳಬೇಕಾಗಿಲ್ಲ. ಕನ್ನಡ ಅಂಕಿ ಇರಬೇಕಾ ಅಂತ ಹುಡುಗ ಕೇಳಿದ. ಕನ್ನಡ ಅಂಕಿ ನನಗೆ ಬಹಳ ಇಷ್ಟ. ಆದರೆ ೬ ಮತ್ತು ೯ ದೂರದಿಂದ ಒಂದಕ್ಕೊಂದು ಹೋಲುತ್ತವೆ, ಆಟ ಶುರುವಾಗುವುದು ರಾತ್ರಿ 9:30ಕ್ಕೆ. ಸಮಯಕ್ಕೆ ಬೇಡ ಅಂದೆ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬೇಡ ಅಂತ ದಿನಾಂಕಕ್ಕೂ 14 ಅಂತಲೇ ಉಳಿಸಿಕೊಂಡ.

ದಿನಾಂಕದ ಅಕ್ಷರಕ್ಕೆ ಎರಡೂವರೆ ಇಂಚು ಇಟ್ಟರೆ ಅಂಚು ಬಿಟ್ಟೂ ಒಂದೇ ಸಾಲಿನಲ್ಲಿ ಹಿಡಿಯಿತು. ಕನ್ನಡಕ್ಕೆ ನಾನು ಹಿಡಿಯುವ ಲೆಕ್ಕದಲ್ಲಿ ಇಪ್ಪತ್ತು ಅಡಿಗೆ ಮೂರು ಇಂಚು ಬೇಕಿತ್ತು. ಅರ್ಧ ಇಂಚು ಕಡಿಮೆಯೇ. ಆದರೂ 0.7 ಎಲ್ಲಿ, ಎರಡೂವರೆ ಎಲ್ಲಿ. ಬದಲಾಯಿಸಿದ ಮೇಲೆ ಫೋಟೋವನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮಾಡಿ ಮನೆಯವರಿಗೆ ಐದು ಸೆಕೆಂಡ್ ತೋರಿಸಿ, ಮುಚ್ಚಿ, "ಆಟ ಯಾವತ್ತು?" ಅಂತ ಕೇಳಲು ಹೇಳಿದೆ. ಮೊದಲಿನ ಪೋಸ್ಟರ್ ತೋರಿಸಿದಾಗ ಅವನ ಅಮ್ಮ ದಾನಿಗಳಲ್ಲಿ ಇಬ್ಬರ ಹೆಸರು ಹೇಳಿದ್ದರಂತೆ. ಹೊಸದನ್ನು ನೋಡಿ "ಶನಿವಾರ" ಅಂದರು.

ಎರಡನೇ ಸಲ ಅವನು ಕಳಿಸಿದ್ದರಲ್ಲಿ ಒಂದು ತಪ್ಪು ಉಳಿದಿತ್ತು. ದಿನಾಂಕವನ್ನು ಪ್ರಸಂಗದ ಹೆಸರಿನ ಕೆಳಗೇ ಇಟ್ಟಿದ್ದ, ಅದು ಸರಿ. ಆದರೆ ಸಾಲಿನ ಅಂತರವನ್ನು ಫೋಟೋಶಾಪಿನ ಆಟೋಗೆ ಬಿಟ್ಟಿದ್ದ. ಆಟೋ ಅಂದರೆ ಅಕ್ಷರದ ಅಳತೆಯ ನೂರಿಪ್ಪತ್ತು ಪರ್ಸೆಂಟ್. ಇಂಗ್ಲಿಷಿಗೆ ಅದು ಸಾಕು. ನಮಗೆ ಮೇಲಿನ ಸಾಲಿನಿಂದ ಒತ್ತು ಇಳಿಯುತ್ತದೆ, ಕೆಳಗಿನ ಸಾಲಿನಿಂದ ಗುಡಿಸು, ಎತ್ವ ಏರುತ್ತವೆ. ನಾನು ನೂರೈವತ್ತರಿಂದ ಶುರು ಮಾಡಿ ಕಣ್ಣಿನಲ್ಲೇ ಹೊಂದಿಸುತ್ತೇನೆ. ಇಲ್ಲಿ ಸುಧನ್ವಾರ್ಜುನದ ನಡುವಿನ ಅಕ್ಷರವೇ 'ನ್ವಾ'. ಅದರ ವ ಒತ್ತು ನೇರ ಪೋಸ್ಟರಿನ ನಡುವೆ ಇಳಿಯುತ್ತದೆ. ಕೆಳಗೆ "ಶನಿವಾರ, ಫೆಬ್ರುವರಿ 14" ಅಂತ ಇತ್ತು. ಸರಿಯಾಗಿ ಆ ಒತ್ತಿನ ಕೆಳಗೇ 'ಫೆ' ಬಂದು, ಅದರ ಎತ್ವ ಒತ್ತಿಗೆ ತಾಗುತ್ತಿತ್ತು. ಎರಡೂ ಸೇರಿ ಏನೋ ಬೇರೆ ಅಕ್ಷರದ ಹಾಗೆ ಕಾಣುತ್ತಿತ್ತು.

ಸಾಲನ್ನು ಒಂದು ಇಂಚು ಕೆಳಗೆ ತಳ್ಳಿದರೆ ತಾಗುವುದು ತಪ್ಪುತ್ತದೆ, ಆದರೆ ಒತ್ತಿಲ್ಲದ ಎರಡೂ ಬದಿಯಲ್ಲಿ ತುಂಬಾ ಖಾಲಿ ಕಾಣುತ್ತದೆ. ಸ್ವಲ್ಪ ಹೊತ್ತು ಇಬ್ಬರೂ ಫೋನಿನಲ್ಲೇ ಯೋಚನೆ ಮಾಡಿದೆವು. ಆಮೇಲೆ ಅವನೇ ಹೇಳಿದ, "ಅಣ್ಣ, ತಿರುಗಿಸಿ ಬರೆದರೆ?" "ಫೆಬ್ರುವರಿ 14, ಶನಿವಾರ". ಈಗ ನಡುವೆ ಬಂದಿದ್ದು 14. ಅಂಕಿಗೆ ಮೇಲೆ ಏನೂ ಏರುವುದಿಲ್ಲ. ವ ಒತ್ತು ಅದರ ಮೇಲಿನ ಖಾಲಿ ಜಾಗದಲ್ಲಿ ಆರಾಮಾಗಿ ಕೂತಿತು. ಸಾಲನ್ನು ಕಾಲು ಇಂಚು ಮಾತ್ರ ಕೆಳಗೆ ತಂದೆವು. ಅವತ್ತು ಸಂಜೆಯೇ ನಾಲ್ಕು ಪ್ರಿಂಟ್ ಹೋಯಿತು.